ತರಕಾರಿ ಅಂಗಡಿ ಚೀಟಿ: 312 ಅಂತ ಬರೆದಿದ್ದಾರೆ, ನಮ್ಮ ಲೆಕ್ಕ 274. ಎಲ್ಲಿ ತಪ್ಪಿದೆ ನೋಡಿ

ಮಲ್ಲಿಗೆಮೊಗ್ಗು (ಮೈಸೂರು)
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮನೆ ಹತ್ತಿರದ ಅಂಗಡಿಯಲ್ಲಿ ತರಕಾರಿ ತಂದೆ. ಎಂಟು ವರ್ಷದಿಂದ ಅಲ್ಲೇ ತರೋದು, ಒಂದು ದಿನವೂ ಲೆಕ್ಕ ನೋಡಿದವಳಲ್ಲ. ಮಗಳು ಆರನೇ ಕ್ಲಾಸು. ಸುಮ್ನೆ ಲೆಕ್ಕ ಮಾಡು ಅಂತ ಚೀಟಿ ಅವಳ ಕೈಗೆ ಕೊಟ್ಟೆ. ಅವಳಿಗೆ 274 ಚಿಲ್ಲರೆ ಬಂತು. ಚೀಟಿಯಲ್ಲಿ 312 ಇದೆ. ಸುಮಾರು 38 ರೂಪಾಯಿ ವ್ಯತ್ಯಾಸ. ನನಗೆ ರಾತ್ರಿಯೆಲ್ಲ ಅದೇ ಯೋಚನೆ.

ತಂದಿದ್ದು ಇಷ್ಟು. ಈರುಳ್ಳಿ ಒಂದೂವರೆ ಕೆಜಿ, ಕೆಜಿಗೆ 32. ಟೊಮೆಟೊ ಮುಕ್ಕಾಲು ಕೆಜಿ, ಕೆಜಿಗೆ 40. ಬೀನ್ಸ್ 400 ಗ್ರಾಂ, ರಟ್ಟಿನ ಮೇಲೆ 20 ಅಂತ ಬರೆದಿತ್ತು. ಶುಂಠಿ 150 ಗ್ರಾಂ, ನೂರು ಗ್ರಾಂಗೆ 15. ತೆಂಗಿನಕಾಯಿ 2, ಒಂದಕ್ಕೆ 35. ನುಗ್ಗೆಕಾಯಿ 3, ಒಂದಕ್ಕೆ 8. ನಿಂಬೆಹಣ್ಣು 5, ಹತ್ತು ರೂಪಾಯಿಗೆ 3 ಅಂತ ಬರೆದಿತ್ತು. ಕೊತ್ತಂಬರಿ ಒಂದು ಕಟ್ಟು 15. ಹೂಕೋಸು ಒಂದು, 40.

ಚೀಟಿಯಲ್ಲಿ ತರಕಾರಿ ಹೆಸರೇ ಇಲ್ಲ, ಬರೀ ಅಂಕಿ. ಮೇಲಿಂದ ಕೆಳಗೆ: 48, 30, 32, 23, 70, 24, 20, 15, 40. ಕೆಳಗೆ ಗೆರೆ ಎಳೆದು 312. ನಾನು 500ರ ನೋಟು ಕೊಟ್ಟೆ. "ಹನ್ನೆರಡು ರೂಪಾಯಿ ಚಿಲ್ಲರೆ ಇದ್ರೆ ಕೊಡಿ ಅಮ್ಮಾ" ಅಂದ್ರು. ಹತ್ತರ ನೋಟು, ಎರಡರ ನಾಣ್ಯ ಕೊಟ್ಟೆ. 200 ವಾಪಸ್ ಬಂತು. ಹೋಗಿ ಕೇಳಬೇಕಾ, ಬೇಡವಾ? ಕೇಳೋದಾದರೆ ಏನು ಅಂತ ಕೇಳಲಿ?

ನೇರಮಾತು
ಕೇಳಲೇಬೇಕು ಮೇಡಂ! ಬರೀ ಅಂಕಿ ಬರೆದು ಕೊಡೋದೇ ಮೋಸ ಮಾಡೋಕೆ. ಇದರಲ್ಲಿ ತೂಕದ ಆಟವೂ ಇರುತ್ತೆ. ಎಂಟು ವರ್ಷದ್ದು ಲೆಕ್ಕ ಹಾಕಿ ನೋಡಿ, ಎಷ್ಟಾಗುತ್ತೆ.

ಹೊಸಬ_ಹಾಸನ
200 ವಾಪಸ್ ಬಂದಿದೆ ಅಂದ್ರೆ 500ರಲ್ಲಿ 300 ಹಿಡಿದಿದ್ದಾರೆ. ಚೀಟಿಗಿಂತ 12 ಕಮ್ಮಿನೇ ತಗೊಂಡಿದ್ದಾರಲ್ಲ?

ಮಲ್ಲಿಗೆಮೊಗ್ಗು (ಮೈಸೂರು)
@ಹೊಸಬ ಇಲ್ಲ, ನಾನು ಕೊಟ್ಟಿದ್ದು ಒಟ್ಟು 512. ಅದರಲ್ಲಿ 200 ಬಂತು. ಹಾಗಾಗಿ 312 ಪೂರ್ತಿ ಹೋಗಿದೆ.

ಹೊಸಬ_ಹಾಸನ
ಓ, ಆ ಹನ್ನೆರಡು ಬೇರೆ ಕೊಟ್ರಾ. ಸರಿ ಸರಿ.

ಲೆಕ್ಕಪತ್ರ60
ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು. ಅಮ್ಮಾ, ಮೊದಲು ಆ ಚೀಟಿಯಲ್ಲಿರುವ ಅಂಕಿಗಳನ್ನೇ ಕೂಡಿ ನೋಡಿ. ತರಕಾರಿ, ದರ ಎಲ್ಲ ಆಮೇಲೆ.

ಬಿಡಿ ಸ್ಥಾನ ಮೊದಲು. 8, 0, 2, 3, 0, 4, 0, 5, 0 ಕೂಡಿದರೆ 22. ಎರಡು ಬರೆದು ಕೈಲಿ ಎರಡು. ಈಗ ಹತ್ತರ ಸ್ಥಾನ: 4, 3, 3, 2, 7, 2, 2, 1, 4. ಕೂಡಿದರೆ 28. ಕೈಲಿದ್ದ ಎರಡು ಸೇರಿಸಿದರೆ 30. ಒಟ್ಟು 302. ಅವರು ಬರೆದಿರೋದು 312. ಕೈಲಿ ಎರಡರ ಬದಲು ಮೂರು ಹಿಡಿದಿದ್ದಾರೆ, ಅಷ್ಟೇ. ಹತ್ತು ರೂಪಾಯಿ ಅಲ್ಲಿ ಹೋಯಿತು.

ಕೂಡೋದರಲ್ಲಿ ಸರಿಯಾಗಿ 10 ಅಥವಾ 100 ವ್ಯತ್ಯಾಸ ಬಂದರೆ ಮೊದಲು ಕೈಲಿ ಹಿಡಿದಿದ್ದನ್ನು ನೋಡಬೇಕು. ಒಂಬತ್ತರಿಂದ ಭಾಗ ಹೋಗುವ ವ್ಯತ್ಯಾಸ ಬಂದರೆ, ಉದಾಹರಣೆಗೆ 36 ಜಾಸ್ತಿ ಬಂದರೆ, ಯಾವುದೋ ಅಂಕಿ ತಿರುಗುಮುರುಗಾಗಿದೆ ಅಂತ ಅನುಮಾನ ಪಡಬೇಕು. 48 ಅನ್ನೋದನ್ನು 84 ಅಂತ ಓದಿದರೆ ಸರಿಯಾಗಿ 36 ಜಾಸ್ತಿ ಆಗುತ್ತೆ. ನಮ್ಮ ಹಳೇ ಗುಮಾಸ್ತರು ಹೀಗೇ ಹುಡುಕುತ್ತಿದ್ದರು.

ಹತ್ತು ಸಿಕ್ಕಿತು. ಉಳಿದ 28ನ್ನು ಅಂಗಡಿಯವರ ತಲೆ ಮೇಲೆ ಹಾಕಬೇಡಿ. ಅದು ಮಗು ಲೆಕ್ಕದಲ್ಲಿದೆ ಅನಿಸುತ್ತೆ.

ಪಾಠಶಾಲೆ
ಬೀನ್ಸ್! ಮಗು 400 ಗ್ರಾಂಗೆ ಎಷ್ಟು ಬರೆದಿದ್ದಾಳೆ ಕೇಳಿ.

ಮಲ್ಲಿಗೆಮೊಗ್ಗು (ಮೈಸೂರು)
ಅವಳ ನೋಟ್‌ಬುಕ್ ನೋಡಿದೆ. 20 × 0.4 = 8 ಅಂತ ಬರೆದಿದ್ದಾಳೆ. ಗುಣಾಕಾರ ಸರಿ ಇದೆಯಲ್ವಾ?

ಪಾಠಶಾಲೆ
ಗುಣಾಕಾರ ಸರಿ, 20 ಯಾವುದಕ್ಕೆ ಅನ್ನೋದು ತಪ್ಪು. ಟೊಮೆಟೊ ಕೆಜಿಗೆ 40 ಇರುವಾಗ ಅದೇ ಅಂಗಡಿಯಲ್ಲಿ ಬೀನ್ಸ್ ಕೆಜಿಗೆ 20 ಇರುತ್ತಾ? ಅದು ಕಾಲು ಕೆಜಿ ದರ. ಅಂದರೆ ಕೆಜಿಗೆ 80. ನೂರು ಗ್ರಾಂಗೆ 8, ನಾನೂರು ಗ್ರಾಂಗೆ 32. ಚೀಟಿಯಲ್ಲೂ 32 ಇದೆ ನೋಡಿ. 24 ರೂಪಾಯಿ ಇಲ್ಲಿ ಸಿಕ್ಕಿತು.

ನಾನು ಮಕ್ಕಳಿಗೆ ಹೇಳಿಕೊಡೋದು ಇದೊಂದೇ. ಕೆಜಿ ದರದ ಕೊನೆಯಲ್ಲಿ ಒಂದು ಸ್ಥಾನ ಬಿಟ್ಟರೆ ನೂರು ಗ್ರಾಂ ದರ. 80ಕ್ಕೆ 8, 32ಕ್ಕೆ 3 ರೂಪಾಯಿ 20 ಪೈಸೆ. ಎಲ್ಲವನ್ನೂ ಮೊದಲು ನೂರು ಗ್ರಾಂಗೆ ತಂದುಕೊಂಡರೆ ದಶಮಾಂಶ ಬಿಂದು ಎಲ್ಲಿಡಬೇಕು ಅನ್ನೋ ಗೊಂದಲವೇ ಇಲ್ಲ. ಮಗಳಿಗೆ ದರದ ಪಕ್ಕದಲ್ಲಿ "ಕೆಜಿಗೆ", "ನೂರು ಗ್ರಾಂಗೆ", "ಒಂದಕ್ಕೆ" ಅಂತ ಬರೆದುಕೊಂಡ ಮೇಲೆ ಗುಣಿಸು ಅಂತ ಹೇಳಿ.

ನೇರಮಾತು
ತಾಳಿ ತಾಳಿ. ಕಾಲು ಕೆಜಿ 20 ಅಂದರೆ, 400 ಗ್ರಾಂ ಅಂದ್ರೆ ಹೆಚ್ಚುಕಮ್ಮಿ ಎರಡು ಕಾಲು. 40 ಹಿಡಿಯಬೇಕಿತ್ತು. ಅವರು 32 ಹಿಡಿದಿದ್ದಾರೆ ಅಂದ್ರೆ ಬೇರೆ ಎಲ್ಲೋ ಸೇರಿಸಿಕೊಂಡಿದ್ದಾರೆ.

ಪಾಠಶಾಲೆ
ಎರಡು ಕಾಲು ಸೇರಿದರೆ ಅರ್ಧ ಕೆಜಿ ಸರ್, 500 ಗ್ರಾಂ. ಇಲ್ಲಿ ಕಾಲು ಕೆಜಿಗೆ 20, ಮಿಕ್ಕ 150 ಗ್ರಾಂಗೆ 12. ಒಟ್ಟು 32.

ಬೆಣ್ಣೆನಗರಿ_ತರಕಾರಿ (ದಾವಣಗೆರೆ)
ನಾನೂ ಅಂಗಡಿ ಇಟ್ಟಿದ್ದೀನಿ ರೀ, ಹದಿನಾಲ್ಕು ವರ್ಷ ಆಯ್ತು. ಎಲ್ಲರೂ ಮೋಸ ಮೋಸ ಅಂತೀರಿ, ಅದಕ್ಕೆ ನನ್ನ ಮಾತೂ ಸ್ವಲ್ಪ ಕೇಳಿ.

ಬೀನ್ಸ್ ಕೆಜಿಗೆ 80 ಅಂತ ಬರೆದರೆ ಜನ ನಿಲ್ಲೋದೇ ಇಲ್ಲ. ತಗೊಳ್ಳೋದು ಕಾಲು ಕೆಜಿ, ಆದ್ರೆ 80 ನೋಡಿ ಮುಂದೆ ಹೋಗ್ತಾರೆ. 20 ಅಂತ ಬರೆದರೆ ನಿಂತು ಕೇಳ್ತಾರೆ. ಬೀನ್ಸ್, ಕ್ಯಾರೆಟ್, ದಪ್ಪ ಮೆಣಸಿನಕಾಯಿ ಇವೆಲ್ಲ ನಮ್ಮಲ್ಲಿ ಕಾಲು ಕೆಜಿ ಲೆಕ್ಕ. ಈರುಳ್ಳಿ, ಆಲೂಗಡ್ಡೆ, ಟೊಮೆಟೊ ಕೆಜಿ ಲೆಕ್ಕ. ಶುಂಠಿ, ಬೆಳ್ಳುಳ್ಳಿ ನೂರು ಗ್ರಾಂ ಲೆಕ್ಕ. ಹೂಕೋಸು ತೂಕಕ್ಕೆ ಹಾಕಿದರೆ "ಎಲೆ ತೆಗೀರಿ, ದಂಟು ಕತ್ತರಿಸಿ" ಅಂತ ಜಗಳ, ಅದಕ್ಕೆ ಒಂದಕ್ಕೆ ಇಷ್ಟು ಅಂತ ಮಾರ್ತೀವಿ. ನುಗ್ಗೆಕಾಯಿ ತಕ್ಕಡಿ ತಟ್ಟೆ ಮೇಲೆ ಕೂರೋದೇ ಇಲ್ಲ, ಉದ್ದ.

ಬರೀ ಅಂಕಿ ಬರೆಯೋದು ಮೋಸಕ್ಕಲ್ಲ. ಸಂಜೆ ಆರರಿಂದ ಎಂಟರ ತನಕ ಎದುರಿಗೆ ಹತ್ತು ಜನ ಇರ್ತಾರೆ. ಒಂದು ಕೈಯಲ್ಲಿ ತೂಕ, ಒಂದು ಕೈಯಲ್ಲಿ ಪೆನ್ನು. ಹೆಸರು ಬರೆಯೋಕೆ ಹೊತ್ತೆಲ್ಲಿ? ಕೂಡೋವಾಗ ಒಬ್ಬರು "ಕರಿಬೇವು ಹಾಕಿ" ಅಂದ್ರೆ ಸಾಕು, ಕೈಲಿ ಹಿಡಿದಿದ್ದು ಮರೆತೇ ಹೋಗುತ್ತೆ. ಎಷ್ಟೋ ಸಲ ನಮಗೇ ಹತ್ತು ಕಮ್ಮಿ ಬಂದಿರುತ್ತೆ. ಅದನ್ನು ಯಾರೂ ವಾಪಸ್ ತಂದು ಕೊಡಲ್ಲ.

ಹಾಲುಗೆನ್ನೆ
ಅಣ್ಣಾ, ಕೊನೆ ಸಾಲು ನಿಜ. ನಾನೂ ಒಂದು ಸಲ 20 ಜಾಸ್ತಿ ಚಿಲ್ಲರೆ ಬಂದಿದ್ದು ಮನೆಗೆ ಬಂದ ಮೇಲೆ ಗೊತ್ತಾಗಿ ಸುಮ್ಮನಿದ್ದೆ. ಅದಾದ ಮೇಲೆ ಆ ಅಂಗಡಿ ಮುಂದೆ ಹೋಗೋಕೇ ಒಂಥರಾ ಆಗ್ತಿತ್ತು. ಕೊನೆಗೆ ಹೋಗಿ ಕೊಟ್ಟೆ.

ನೇರಮಾತು
@ಬೆಣ್ಣೆನಗರಿ ಅಣ್ಣಾ, ಕಾನೂನು ಪ್ರಕಾರ ದರ ಕೆಜಿಗೇ ಬರೆಯಬೇಕು. ಕಾಲು ಕೆಜಿ ದರ ಬರೆಯೋದೇ ತಪ್ಪು.

ತಕ್ಕಡಿ_ರಿಪೇರಿ
ಅರ್ಧ ಸರಿ, ಅರ್ಧ ತಪ್ಪು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಕೇಳೋದು ದರವನ್ನು ಪ್ರಮಾಣಿತ ತೂಕ, ಅಳತೆ ಅಥವಾ ಎಣಿಕೆಯಲ್ಲಿ ಹೇಳಬೇಕು ಅಂತ. ಗ್ರಾಂ ಆದರೂ ಸರಿ, ಕೆಜಿ ಆದರೂ ಸರಿ, ಒಂದಕ್ಕೆ ಇಷ್ಟು ಅಂದರೂ ಸರಿ. "250 ಗ್ರಾಂ 20" ಅಂತ ಬರೆದರೆ ಯಾರೂ ಏನೂ ಅನ್ನೋಹಾಗಿಲ್ಲ. ಬರೀ "20" ಅಂತ ಬರೆದು ಯಾವುದಕ್ಕೆ ಅಂತ ಹೇಳದೆ ಬಿಟ್ಟಿದ್ದು ತಪ್ಪು. ಈ ಮಗು ಎಡವಿದ್ದೂ ಅಲ್ಲೇ ತಾನೇ.

ಬೆಣ್ಣೆನಗರಿ_ತರಕಾರಿ (ದಾವಣಗೆರೆ)
ಒಪ್ಪಿದೆ ರೀ. ನಾನೂ ಬರೀ ಅಂಕಿ ಬರೀತೀನಿ. ರಟ್ಟಿನ ಮೇಲೆ ಚಾಕ್‌ಪೀಸ್‌ನಲ್ಲಿ "ಕಾಲು" ಅಂತ ಒಂದು ಮಾತು ಸೇರಿಸೋಕೆ ಏನೂ ಕಷ್ಟ ಇಲ್ಲ.

ಇನ್ನೊಂದು ಮಾತು. ಕೆಲವರು ಕಾಲು ಕೆಜಿ 20, ಕೆಜಿ ತಗೊಂಡ್ರೆ 70 ಅಂತ ಕೊಡ್ತಾರೆ. ಅಲ್ಲಿ 400 ಗ್ರಾಂ ತಗೊಂಡ್ರೆ ಯಾವ ದರ ಹಿಡೀಬೇಕು? ನಾನಂತೂ ಕಾಲು ಕೆಜಿ ದರವೇ ಹಿಡೀತೀನಿ. ಅದಕ್ಕೂ ಜಗಳ ಆಗಿದೆ.

ತೆರಿಗೆಸಾಲು
ಈ ಚೀಟಿಯಲ್ಲಿ ಜಿಎಸ್‌ಟಿ ಎಲ್ಲಿದೆ? 274ಕ್ಕೆ ತೆರಿಗೆ ಸೇರಿಸಿದರೆ 312 ಆಗಬಹುದಲ್ವಾ? ಒಂದು ಸಲ ಆ ಕಡೆಯಿಂದಲೂ ನೋಡಿ.

ಲೆಕ್ಕಪತ್ರ60
ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ ಸ್ವಾಮಿ. ಅದನ್ನು ಇಲ್ಲಿಗೆ ತರಬೇಡಿ.

ಈಗ ಲೆಕ್ಕ ಮುಗಿಸೋಣ. ಹತ್ತು ಕೂಡೋದರಲ್ಲಿ, ಇಪ್ಪತ್ತನಾಲ್ಕು ಬೀನ್ಸ್‌ನಲ್ಲಿ. ಒಟ್ಟು 34. ಉಳಿದಿದ್ದು ನಾಲ್ಕಕ್ಕೆ ಸ್ವಲ್ಪ ಕಮ್ಮಿ. ಶುಂಠಿ 150 ಗ್ರಾಂ ಅಂದರೆ 22 ರೂಪಾಯಿ 50 ಪೈಸೆ, ಅವರು 23 ಹಿಡಿದಿದ್ದಾರೆ. ಅರ್ಧ ರೂಪಾಯಿ ಅಲ್ಲಿ. ನಿಂಬೆಹಣ್ಣಿಗೆ ಮಗು ಎಷ್ಟು ಬರೆದಿದೆ?

ಮಲ್ಲಿಗೆಮೊಗ್ಗು (ಮೈಸೂರು)
16.67. ಹತ್ತನ್ನು ಮೂರರಿಂದ ಭಾಗಿಸಿ ಐದರಿಂದ ಗುಣಿಸಿದ್ದಾಳೆ.

ಲೆಕ್ಕಪತ್ರ60
ಅಲ್ಲಿಗೆ ಮುಗೀತು. ಅವರು 20 ಹಿಡಿದಿದ್ದಾರೆ, ವ್ಯತ್ಯಾಸ 3 ರೂಪಾಯಿ 33 ಪೈಸೆ. ಹತ್ತು, ಇಪ್ಪತ್ತನಾಲ್ಕು, ಐವತ್ತು ಪೈಸೆ, ಮೂರು ರೂಪಾಯಿ ಮೂವತ್ತಮೂರು ಪೈಸೆ. ಎಲ್ಲ ಸೇರಿದರೆ 37 ರೂಪಾಯಿ 83 ಪೈಸೆ. ಮಗುವಿನ 274.17ಕ್ಕೆ ಇದನ್ನು ಸೇರಿಸಿ, ಸರಿಯಾಗಿ 312 ಬರುತ್ತೆ. ಒಂದು ಪೈಸೆಯೂ ಲೆಕ್ಕ ತಪ್ಪಿಲ್ಲ. ಹತ್ತು ರೂಪಾಯಿ ಕೇಳಿ, ಬೀನ್ಸ್ ವಿಷಯ ಎತ್ತಬೇಡಿ.

ಕಾಫಿಸೀಮೆ
ನಿಂಬೆಹಣ್ಣಿಗೆ 20 ಹೇಗೆ ಸರಿ? ಮೂರಕ್ಕೆ 10. ಆರಕ್ಕೆ 20. ಐದು ತಗೊಂಡವರಿಗೂ 20 ಅಂದ್ರೆ ಆರನೇ ಹಣ್ಣು ಎಲ್ಲಿ?

ಬೆಣ್ಣೆನಗರಿ_ತರಕಾರಿ (ದಾವಣಗೆರೆ)
ಬಿಡಿ ತಗೊಂಡ್ರೆ ಒಂದಕ್ಕೆ 4. ಐದಕ್ಕೆ 20. ಮೂರು ತಗೊಂಡವರಿಗೆ ಮಾತ್ರ ಆ ಹತ್ತರ ದರ.

ಕಾಫಿಸೀಮೆ
ಐದರಲ್ಲಿ ಮೂರು ಇದೆಯಲ್ಲ ಅಣ್ಣಾ! ಮೂರಕ್ಕೆ 10, ಮಿಕ್ಕ ಎರಡಕ್ಕೆ 8. ಹದಿನೆಂಟು ಆಗಬೇಕು.

ಪಾಠಶಾಲೆ
ಇದಕ್ಕೆ ಗಣಿತದಲ್ಲಿ ಉತ್ತರ ಇಲ್ಲ. ಅಂಗಡಿಯವರು ಹೇಗೆ ಮಾರ್ತೀವಿ ಅಂತಾರೋ ಹಾಗೆ. ಆದರೆ 16.67, 18, 20 ಮೂರರಲ್ಲಿ ಯಾವುದು ಅಂತ ಮೊದಲೇ ಕೇಳಿಕೊಳ್ಳಬೇಕು. ನಾನಾಗಿದ್ದರೆ ಇನ್ನೊಂದು ಹಣ್ಣು ಎತ್ತಿಕೊಂಡು ಆರು ಮಾಡಿ 20 ಕೊಡುತ್ತಿದ್ದೆ.

ತಕ್ಕಡಿ_ರಿಪೇರಿ
ಶುಂಠಿ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾರೂ ಅತ್ತ ನೋಡಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಒಂದು ಚಿಕ್ಕ ಪಟ್ಟಿ ಅಂಟಿಸಿರ್ತಾರೆ. ತರಕಾರಿ ಅಂಗಡಿಯಲ್ಲಿರುವ ದೊಡ್ಡ ತಕ್ಕಡಿಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತೆ: `Max 30 kg  Min 100 g  e = 5 g`. ಅಂದರೆ ಅದು ಐದೈದು ಗ್ರಾಂ ಹೆಜ್ಜೆಯಲ್ಲಿ ತೋರಿಸುತ್ತೆ, ನೂರು ಗ್ರಾಂಗಿಂತ ಕಮ್ಮಿ ತೂಗೋಕೆ ಅದು ಮಾಡಿದ್ದೇ ಅಲ್ಲ. ಈರುಳ್ಳಿಗೆ ಐದು ಗ್ರಾಂ ಅಂದ್ರೆ 16 ಪೈಸೆ, ಲೆಕ್ಕಕ್ಕಿಲ್ಲ. ಶುಂಠಿಗೆ ಐದು ಗ್ರಾಂ ಅಂದ್ರೆ 75 ಪೈಸೆ. 50 ಗ್ರಾಂ ಬೆಳ್ಳುಳ್ಳಿಯನ್ನು ಆ ತಕ್ಕಡಿಯಲ್ಲಿ ತೂಗಿಸಿದರೆ ಸರಿ ಬರುತ್ತೆ ಅನ್ನೋ ನಂಬಿಕೆ ಬೇಡ. ನೂರು ಗ್ರಾಂಗೆ ಇಷ್ಟು ಅನ್ನೋ ಪದಾರ್ಥ ತಗೊಳ್ಳೋವಾಗ ಸ್ವಲ್ಪ ಜಾಸ್ತಿನೇ ತಗೊಳ್ಳಿ.

ಇನ್ನು ತಕ್ಕಡಿ ಮೇಲೆ ಬುಟ್ಟಿ ಇಟ್ಟು ತೂಗಿದರೆ, ಬುಟ್ಟಿ ಖಾಲಿ ಇರುವಾಗ ಸೊನ್ನೆ ತೋರಿಸುತ್ತಾ ನೋಡಿ. ಅದನ್ನು ನೋಡಿದರೆ ಅರ್ಧ ಅನುಮಾನ ಹೋಗುತ್ತೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯವರ ಮುದ್ರೆ ಆಗಬೇಕು. ಅದನ್ನೂ ಕೇಳಬಹುದು.

ನೇರಮಾತು
ನಾನು ಮೊದಲೇ ತೂಕದ ಆಟ ಅಂದೆ!

ತಕ್ಕಡಿ_ರಿಪೇರಿ
ಆಟ ಅಂತ ನಾನು ಹೇಳಿಲ್ಲ ಸರ್. ಯಂತ್ರದ ಮಿತಿ ಹೇಳಿದೆ. ಅದು ಎರಡೂ ಕಡೆಗೆ ತಪ್ಪಬಹುದು.

ದೂರದೇಶಿ (ಜರ್ಮನಿ)
ಇಲ್ಲಿನ ಕೆಲವು ಅಂಗಡಿಗಳಲ್ಲಿ ತರಕಾರಿಯನ್ನು ನಾವೇ ತಕ್ಕಡಿ ಮೇಲಿಟ್ಟು ಅದರ ಚಿತ್ರ ಒತ್ತಿದರೆ ದರ, ತೂಕ, ಮೊತ್ತ ಬರೆದ ಚೀಟಿ ಬರುತ್ತೆ. ಜಗಳ ಇಲ್ಲ ನಿಜ. ಆದರೆ ನಾನು ಇಲ್ಲಿಗೆ ಬಂದ ಹೊಸದರಲ್ಲಿ ಒಂದಕ್ಕೆ ಇಷ್ಟು ಅಂತ ಮಾರುವ ಸೌತೆಕಾಯಿಯನ್ನು ತಕ್ಕಡಿ ಮೇಲಿಟ್ಟು ಅದರ ಚಿತ್ರ ಹುಡುಕುತ್ತಾ ನಿಂತಿದ್ದೆ. ಹಿಂದೆ ಇದ್ದ ಅಜ್ಜಿ ಎಣಿಕೆ ಅಂತ ಬೆರಳು ತೋರಿಸಿ ಹೇಳಿದರು. ಕೊಸರು ಹಾಕೋರು ಮಾತ್ರ ಇಲ್ಲ. ಕರಿಬೇವು ದುಡ್ಡು ಕೊಟ್ಟೇ ತರಬೇಕು.

ಹಾಲುಗೆನ್ನೆ
ಕೊಸರು ಅಂದ್ರಿ, ನಮ್ಮಜ್ಜಿ ನೆನಪಾದ್ರು. ತೂಕ ಆದ ಮೇಲೆ ಎರಡು ಹಸಿಮೆಣಸಿನಕಾಯಿ ಮೇಲೆ ಹಾಕದಿದ್ದರೆ ಚೀಲದ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಸೇರುಪಾವು
ನನಗೀಗ 79. ನಮ್ಮ ಕಾಲದಲ್ಲಿ ಸೇರು, ಪಾವು, ಆಣೆ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು, ಆಮೇಲೆ ಕಿಲೋ ಬಂತು. ಆದರೂ ಸಂತೆಯಲ್ಲಿ ಬಹಳ ವರ್ಷ ಎರಡೂ ನಡೀತಿತ್ತು. ನಮಗೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಮುಕ್ಕಾಲು ಕೆಜಿ ಟೊಮೆಟೊ, ಕೆಜಿಗೆ 40 ಅಂದರೆ ನಲವತ್ತು ಮುಕ್ಕಾಲು ಮೂವತ್ತು. ಅಷ್ಟೇ. ಪೆನ್ನೇ ಬೇಡ. ಒಂದೂವರೆ ಕೆಜಿ ಈರುಳ್ಳಿ ಅಂದರೆ 32, ಅದರ ಅರ್ಧ 16, ನಲವತ್ತೆಂಟು.

ಚಿಲ್ಲರೆ ಎಣಿಸೋದೂ ಹಾಗೇ. 500ರಲ್ಲಿ 302 ಕಳೆಯೋಕೆ ಹೋಗಬಾರದು. 302ರಿಂದ ಮೇಲಕ್ಕೆ ಹೋಗಬೇಕು. ಮೊದಲು ಎಂಟು ಕೊಟ್ಟು ಮುನ್ನೂರ ಹತ್ತು, ತೊಂಬತ್ತು ಕೊಟ್ಟು ನಾನೂರು, ನೂರು ಕೊಟ್ಟು ಐನೂರು. ಕೈಗೆ ಬಿದ್ದದ್ದು 198. ಹಳೇ ಅಂಗಡಿಯವರು ಹೀಗೇ ಬಾಯಲ್ಲಿ ಹೇಳುತ್ತಾ ಗಿರಾಕಿ ಕೈಗೆ ಒಂದೊಂದೇ ನೋಟು ಇಡುತ್ತಿದ್ದರು. ಇಬ್ಬರಿಗೂ ಲೆಕ್ಕ ಕೇಳಿಸುತ್ತಿತ್ತು.

ಲೆಕ್ಕಪತ್ರ60
ಹಿರಿಯರು ಸರಿಯಾಗಿ ಹೇಳಿದರು. ನನಗೆ ಅನಿಸೋದು, ಆ ಹನ್ನೆರಡು ರೂಪಾಯಿ ಕೇಳಿದ್ದರಿಂದಲೇ ಅಮ್ಮನಿಗೆ ತಪ್ಪು ಕಾಣಲಿಲ್ಲ. 200 ಅಂತ ಗುಂಡಾದ ಮೊತ್ತ ಕೈಗೆ ಬಂತು, ಮನಸ್ಸು ಸರಿ ಅಂದುಬಿಟ್ಟಿತು. ಚಿಲ್ಲರೆ ಸರಿಯಾಗೇ ಇದೆ. ತಪ್ಪಿದ್ದು ಅದಕ್ಕೂ ಮೊದಲು, ಕೂಡೋದರಲ್ಲಿ. 302 ಇದ್ದಿದ್ದರೆ ಅವರು ಎರಡೇ ರೂಪಾಯಿ ಕೇಳುತ್ತಿದ್ದರು.

ಹೊಸಬ_ಹಾಸನ
ಈಗ ಎಲ್ಲರೂ ಫೋನಲ್ಲೇ ದುಡ್ಡು ಹಾಕ್ತಾರೆ. ಈ ತಲೆನೋವೇ ಇಲ್ಲ.

ಲೆಕ್ಕಪತ್ರ60
ಚಿಲ್ಲರೆ ತಲೆನೋವು ಇಲ್ಲ. ಆದರೆ 312 ಅಂತ ಹೇಳಿದರೆ ನೀವು 312ನ್ನೇ ಹಾಕ್ತೀರಿ ತಾನೇ?

ಮಲ್ಲಿಗೆಮೊಗ್ಗು (ಮೈಸೂರು)
ಈಗಷ್ಟೇ ಹೋಗಿ ಬಂದೆ. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಚೀಟಿ ಕೊಟ್ಟು "ಅಣ್ಣಾ, ಇದನ್ನು ಇನ್ನೊಂದು ಸಲ ಕೂಡಿ" ಅಂದೆ, ಬೇರೇನೂ ಹೇಳಲಿಲ್ಲ. ಪೆನ್ನಿನ ತುದಿಯಿಂದ ಒಂದೊಂದೇ ಅಂಕಿ ಮುಟ್ಟುತ್ತಾ ಕೆಳಗಿಂದ ಮೇಲಕ್ಕೆ ಕೂಡಿದರು. ಅರ್ಧಕ್ಕೆ ನಿಂತರು. ಮತ್ತೆ ಮೊದಲಿಂದ ಕೂಡಿದರು. "ಹತ್ತು ಜಾಸ್ತಿ ಆಗಿದೆ ಅಮ್ಮಾ, ನೋಡಲಿಲ್ಲ" ಅಂತ ಗಲ್ಲಾದಿಂದ ಹತ್ತರ ನೋಟು ತೆಗೆದು ಮಗಳ ಕೈಗೇ ಕೊಟ್ಟರು.

ಬೀನ್ಸ್ ರಟ್ಟಿನ ಮೇಲೆ ಈಗಲೂ ಬರೀ 20 ಇದೆ. ಮಗಳು "ಅಂಕಲ್, ಇದು ಕಾಲು ಕೆಜಿಗಾ?" ಅಂತ ಕೇಳಿದಳು. ಹೌದು ಅಂದರು. ನಿಂಬೆಹಣ್ಣು ಬಗ್ಗೆಯೂ ಅವಳೇ ಕೇಳಿದಳು. ಬಿಡಿ ಆದ್ರೆ ಒಂದಕ್ಕೆ ನಾಲ್ಕು ಅಂದ್ರು, ದಾವಣಗೆರೆ ಅಣ್ಣ ಹೇಳಿದ ಹಾಗೇ.

ಕಾಫಿಸೀಮೆ
ನಾನು ಈಗಲೂ ಹದಿನೆಂಟೇ ಅಂತೀನಿ.

ಬೆಣ್ಣೆನಗರಿ_ತರಕಾರಿ (ದಾವಣಗೆರೆ)
ನಮ್ಮ ಅಂಗಡಿಗೆ ಬನ್ನಿ, ಹದಿನೆಂಟಕ್ಕೆ ಕೊಡ್ತೀನಿ. ಆದ್ರೆ ಎರಡು ರೂಪಾಯಿ ಚಿಲ್ಲರೆ ನೀವೇ ತರಬೇಕು.

ದೂರದೇಶಿ (ಜರ್ಮನಿ)
ತೆಂಗಿನಕಾಯಿ ಒಂದಕ್ಕೆ 35 ಅಂದ್ರಲ್ಲ, ಬೆಂಗಳೂರಲ್ಲಿ ನಮ್ಮಕ್ಕನ ಮನೆ ಹತ್ತಿರ ಅದನ್ನೂ ಕೆಜಿ ಲೆಕ್ಕದಲ್ಲಿ ಮಾರ್ತಾರಂತೆ. ಒಳಗಿನ ನೀರಿಗೂ ದುಡ್ಡು ಕೊಟ್ಟ ಹಾಗಲ್ವಾ? ಮೈಸೂರಲ್ಲಿ ಎಲ್ಲ ಕಡೆ ಇನ್ನೂ ಎಣಿಕೆನೇನಾ?